ಎರಡೂ ತುದಿ ಬಿಗಿದ ತೊಲೆ ಎಷ್ಟು ಭಾರಕ್ಕೆ ಕುಸಿಯುತ್ತದೆ?

ಎರಡು ಉಕ್ಕಿನ ಕಂಬಗಳ ನಡುವೆ ಒಂದು ಗರ್ಡರ್ ಹಾಯಿಸಿದೆ. ಅದರ ಎರಡು ತುದಿಗಳನ್ನೂ ಕಂಬಗಳಿಗೆ ಅಲುಗದಂತೆ ವೆಲ್ಡ್ ಮಾಡಿದ್ದಾರೆ. ನಟ್ಟನಡುವೆ ಮೇಲಿನ ಅಟ್ಟದ ಕಂಬವೊಂದು ಕುಳಿತಿದೆ. ಶೆಡ್ಡುಗಳಲ್ಲಿ, ಗೋದಾಮುಗಳಲ್ಲಿ ಕೆಲಸ ಮಾಡುವ ನಮ್ಮ ಓದುಗರಿಗೆ ಇದು ಹೊಸ ನೋಟವೇನಲ್ಲ. ಈ ಗರ್ಡರ್ ಎಷ್ಟು ಭಾರ ಹೊತ್ತೀತು ಎಂದು ಕೇಳಿದರೆ, ಸಂಜೆಯ ತರಗತಿಗಳಿಗೆ ಹೋಗಿ ಡಿಪ್ಲೊಮಾ ಪರೀಕ್ಷೆಗೆ ಓದುತ್ತಿರುವವರು ಒಂದು ಸೂತ್ರವನ್ನು ತಟ್ಟನೆ ಹೇಳಿಯಾರು. ಆದರೆ ಆ ಸೂತ್ರ ಉತ್ತರಿಸುವುದು ಬೇರೊಂದು ಪ್ರಶ್ನೆಗೆ. ತೊಲೆಯ ಯಾವುದಾದರೂ ಒಂದು ಜಾಗದಲ್ಲಿ, ಅತ್ಯಂತ ಹೊರಗಿನ ಪದರದ ಉಕ್ಕು ಮೊದಲ ಬಾರಿಗೆ ಮಣಿಯುವುದು ಯಾವ ಭಾರಕ್ಕೆ ಎಂಬುದನ್ನು ಅದು ತಿಳಿಸುತ್ತದೆ. ಒಂದು ಪದರ ಮಣಿದ ಮಾತ್ರಕ್ಕೆ ಗರ್ಡರ್ ಕುಸಿಯುವುದಿಲ್ಲ. ನಿಜವಾಗಿ ಕುಸಿಯುವ ಭಾರ ಯಾವುದು, ಅದನ್ನು ಕಂಡುಹಿಡಿಯುವುದು ಹೇಗೆ ಎಂಬುದನ್ನು ಈ ಪಾಠದಲ್ಲಿ ನೋಡೋಣ.

ಮೊದಲು ಉಕ್ಕಿನ ಗುಣವನ್ನು ತಿಳಿಯಬೇಕು. ಸಾಧಾರಣ ಕಟ್ಟಡದ ಮೆದು ಉಕ್ಕಿನ ಒಂದು ಮೀಟರ್ ಉದ್ದದ ಸಲಾಕೆಯನ್ನು ಎಳೆಯುತ್ತ ಹೋದರೆ, ಎಳೆತ ಹೆಚ್ಚಿದಷ್ಟೂ ಅದು ಅದೇ ಪ್ರಮಾಣದಲ್ಲಿ ಹಿಗ್ಗುತ್ತದೆ. ಬಿಟ್ಟರೆ ಮೊದಲಿನ ಉದ್ದಕ್ಕೆ ಮರಳುತ್ತದೆ. ಪ್ರತಿ ಚದರ ಮಿಲಿಮೀಟರಿಗೆ 250 ನ್ಯೂಟನ್ ಬಲ ಬೀಳುವವರೆಗೂ ಹೀಗೆಯೇ. ಅಷ್ಟರಲ್ಲಿ ಸಲಾಕೆ ಹಿಗ್ಗಿರುವುದು ಕೇವಲ 1.25 ಮಿಲಿಮೀಟರ್. ಆ ಬಳಿಕ ಉಕ್ಕು ಮಣಿಯುತ್ತದೆ. ಅಂದರೆ ಇನ್ನಷ್ಟು ಬಲವನ್ನು ಕೇಳದೆಯೇ ಹಿಗ್ಗುತ್ತ ಹೋಗುತ್ತದೆ. ಆ ಹಿಗ್ಗುವಿಕೆ ಮೊದಲಿನದರ ಹತ್ತು ಪಟ್ಟಿಗೂ ಮೀರಬಹುದು. ತುಂಡಾಗುವುದು ಇನ್ನೂ ಬಹಳ ದೂರದ ಮಾತು. ನಮ್ಮ ಇಡೀ ಲೆಕ್ಕ ನಿಂತಿರುವುದು ಈ ಮಣಿಯುವ ಗುಣದ ಮೇಲೆ. ಎರಕದ ಕಬ್ಬಿಣಕ್ಕೆ ಈ ಗುಣವಿಲ್ಲ. ಅದು ಮಣಿಯದೆ ಮುರಿಯುತ್ತದೆ. ಆದುದರಿಂದ ಮುಂದಿನ ಮಾತೊಂದೂ ಅದಕ್ಕೆ ಸಲ್ಲದು.

ಈಗ ತೊಲೆಗೆ ಬರೋಣ. ತೊಲೆ ಬಾಗಿದಾಗ ಒಂದು ಅಂಚಿನ ಪದರಗಳು ಹಿಗ್ಗುತ್ತವೆ, ಎದುರು ಅಂಚಿನವು ಕುಗ್ಗುತ್ತವೆ, ನಡುವಿನ ಪದರ ಹಾಗೆಯೇ ಇರುತ್ತದೆ. ತೊಲೆಯನ್ನು ಬಾಗಿಸುವ ಶಕ್ತಿಯನ್ನು, ಅಂದರೆ ಬಲವನ್ನು ದೂರದಿಂದ ಗುಣಿಸಿದ ಮೊತ್ತವನ್ನು, ಬಾಗು-ಮೊಮೆಂಟು ಎನ್ನುತ್ತೇವೆ. ಅದು ಹೆಚ್ಚಿದಂತೆ ಮೊದಲು ಹೊರ ಪದರಗಳು ಮಣಿಯುತ್ತವೆ. ಆಗಿನ ಮೊಮೆಂಟನ್ನು My ಎಂದು ಕರೆಯೋಣ. ಒಳಗಿನ ಪದರಗಳಿಗೆ ಇನ್ನೂ ಶಕ್ತಿ ಉಳಿದಿದೆ. ಮೊಮೆಂಟು ಇನ್ನೂ ಹೆಚ್ಚಿದರೆ ಅವೂ ಒಂದೊಂದಾಗಿ ಮಣಿದು, ಕೊನೆಗೆ ಅಡ್ಡಕೊಯ್ತದ ಮೇಲರ್ಧ ಪೂರ್ತಿ, ಕೆಳಗರ್ಧ ಪೂರ್ತಿ ಮಣಿದುಬಿಡುತ್ತವೆ. ಆ ಜಾಗ ತಡೆಯಬಲ್ಲ ಮೊಮೆಂಟಿನ ಕೊನೆಯ ಮಿತಿ ಇದೇ. ಇದು Mp, ಪೂರ್ಣ ಪ್ಲಾಸ್ಟಿಕ್ ಮೊಮೆಂಟು.

ಚೌಕ ಸಲಾಕೆಗೆ Mp ಎಂಬುದು My ಗಿಂತ ಒಂದೂವರೆ ಪಟ್ಟು. ಗರ್ಡರ್‌ಗಳಲ್ಲಿ ಉಕ್ಕೆಲ್ಲ ಮೇಲಿನ ಕೆಳಗಿನ ಫ್ಲ್ಯಾಂಜುಗಳಲ್ಲೇ ಸೇರಿರುವುದರಿಂದ ಒಳಗೆ ಉಳಿದ ಶಕ್ತಿ ಕಡಿಮೆ. ಅಲ್ಲಿ ಈ ಪ್ರಮಾಣ ಸುಮಾರು 1.14 ಮಾತ್ರ.

Mp ಮುಟ್ಟಿದ ಜಾಗ ಮುಂದೇನು ಮಾಡುತ್ತದೆ? ಅದು ಅದೇ ಮೊಮೆಂಟನ್ನು ಹಿಡಿದುಕೊಂಡು ತಿರುಗತೊಡಗುತ್ತದೆ. ಇದನ್ನೇ ಪ್ಲಾಸ್ಟಿಕ್ ಕೀಲು ಎನ್ನುವುದು. ಕೀಲೆಂದ ಕೂಡಲೆ ಎಣ್ಣೆ ಬಿಟ್ಟ ಬಾಗಿಲ ಬಿಜಾಗರಿಯನ್ನು ನೆನೆಯಬಾರದು. ತುಕ್ಕು ಹಿಡಿದು ಬಿಗಿದ ಬಿಜಾಗರಿಯನ್ನು ನೆನೆಯಬೇಕು. ಒಂದು ಮಟ್ಟದವರೆಗೆ ಎಷ್ಟು ನೂಕಿದರೂ ಅದು ಅಲುಗದು. ಆ ಮಟ್ಟ ಮುಟ್ಟಿದ ಮೇಲೆ ತಿರುಗುತ್ತದೆ, ಆದರೆ ತಿರುಗುವಾಗಲೂ ಅಷ್ಟೇ ಬಿಗಿಯಾಗಿ ಎದುರು ನಿಲ್ಲುತ್ತದೆ.

ತೊಲೆಯ ತುದಿಗಳು ಬರಿದೆ ಆಧಾರದ ಮೇಲೆ ಕುಳಿತಿದ್ದರೆ, ನಡುವೆ ಇಂಥ ಒಂದು ಕೀಲು ಮೂಡಿದರೆ ಸಾಕು, ತೊಲೆ ಮಡಿಚಿಕೊಂಡು ಇಳಿಯುತ್ತದೆ. ತುದಿಗಳೇ ಮೊದಲಿನಿಂದ ತಿರುಗಬಲ್ಲವಾಗಿರುವುದೇ ಇದಕ್ಕೆ ಕಾರಣ. ಎರಡೂ ತುದಿ ಬಿಗಿದಿದ್ದರೆ ಹಾಗಲ್ಲ. ನಡುವಿನಲ್ಲಿ ಒಂದು, ಎಡ ತುದಿಯಲ್ಲಿ ಒಂದು, ಬಲ ತುದಿಯಲ್ಲಿ ಒಂದು, ಹೀಗೆ ಮೂರು ಕೀಲು ಮೂಡಿದ ಹೊರತು ಕುಸಿತವಿಲ್ಲ. ಹಂಗೆರಿಯ ಇಂಜಿನಿಯರ್ ಗಾಬೋರ್ ಕಾಜಿಂತ್ಸಿ 1914ರಲ್ಲಿ ತುದಿ ಬಿಗಿದ ತೊಲೆಗಳನ್ನು ಪರೀಕ್ಷಿಸಿ ಪ್ರಕಟಿಸಿದ ಮಾತು ಇದೇ. ಅವನ ಬರಹ ಬಹುಕಾಲ ಹೆಚ್ಚಿನವರ ಕಣ್ಣಿಗೆ ಬೀಳಲಿಲ್ಲ. ಇಂಗ್ಲೆಂಡಿನಲ್ಲಿ ಜಾನ್ ಬೇಕರ್ ಮತ್ತು ಸಂಗಡಿಗರು ಈ ವಿಚಾರವನ್ನು ಬೆಳೆಸಿದ ಮೇಲೆ, 1948ರಲ್ಲಿ ಅಲ್ಲಿನ ಉಕ್ಕಿನ ಕಟ್ಟಡಗಳ ನಿಯಮಾವಳಿ ಈ ಬಗೆಯ ಲೆಕ್ಕಕ್ಕೆ ಅನುಮತಿ ಕೊಟ್ಟಿತು.

ಲೆಕ್ಕ ಮಾಡುವ ವಿಧಾನ ಸುಲಭ. ತೊಲೆಯ ಉದ್ದ L, ನಡುವಿನ ಭಾರ W ಎನ್ನೋಣ. ಮೂರು ಕೀಲುಗಳು ಮೂಡಿ ತೊಲೆ ಇಳಿಯತೊಡಗಿದಾಗ ಅದರ ಎರಡು ಅರ್ಧಗಳೂ ನೆಟ್ಟಗೇ ಉಳಿದು, ಅಗಲವಾದ V ಅಕ್ಷರದ ಆಕಾರ ಬರುತ್ತದೆ. ಪ್ರತಿ ಅರ್ಧವೂ θ ಎಂಬ ಸಣ್ಣ ಕೋನದಷ್ಟು ತಿರುಗಿದರೆ ನಡುವಿನ ಬಿಂದು ಇಳಿಯುವುದು θL/2 ನಷ್ಟು. ಆಗ ಭಾರ ಮಾಡಿದ ಕೆಲಸ W × θL/2. ಆ ಕೆಲಸವೆಲ್ಲ ಕೀಲುಗಳನ್ನು ತಿರುಗಿಸುವುದರಲ್ಲಿ ಖರ್ಚಾಗಬೇಕು. ಎಡ ತುದಿಯ ಕೀಲು θ ತಿರುಗಿತು, ಬಲ ತುದಿಯದೂ θ ತಿರುಗಿತು. ನಡುವಿನ ಕೀಲಿನಲ್ಲಿ ಎರಡು ಅರ್ಧಗಳೂ ಕೂಡುವುದರಿಂದ ಅಲ್ಲಿ ತಿರುಗಿದ್ದು 2θ. ಆದುದರಿಂದ

W × θL/2 = Mp × (θ + 2θ + θ) = 4 Mp θ

W = 8 Mp / L

ಪರೀಕ್ಷೆಯಲ್ಲಿ ಹೆಚ್ಚು ಮಂದಿ ಎಡವುವುದು ಇಲ್ಲಿಯೇ. ಮೂರು ಕೀಲು ಎಂದ ಕೂಡಲೆ 3Mpθ ಎಂದು ಬರೆದುಬಿಡುತ್ತಾರೆ; ನಡುವಿನದು ಇಮ್ಮಡಿ ತಿರುಗುತ್ತದೆಂಬುದು ಮರೆತುಹೋಗಿರುತ್ತದೆ. ಉತ್ತರ ಸರಿಯೇ ಎಂದು ತಾಳೆ ನೋಡಲು ಇನ್ನೊಂದು ದಾರಿಯಿದೆ. ಸುಮ್ಮನೆ ಕುಳಿತ ತೊಲೆಯ ನಡುವೆ ಬರುವ ಮೊಮೆಂಟು WL/4 ಎಂಬುದು ನಿಮಗೆ ಗೊತ್ತಿದೆ. ತುದಿಗಳನ್ನು ಬಿಗಿದಾಗ ಇದೇ ಮೊತ್ತ ಹಂಚಿಹೋಗುತ್ತದೆ: ನಡುವಿನ ಮೊಮೆಂಟಿಗೆ ಎರಡು ತುದಿಗಳ ಸರಾಸರಿಯನ್ನು ಕೂಡಿಸಿದರೆ WL/4 ಬರಲೇಬೇಕು. ಕುಸಿಯುವಾಗ ಮೂರೂ ಕಡೆ Mp. ಆದುದರಿಂದ WL/4 = 2Mp; ಉತ್ತರ ಮೊದಲಿನದೇ.

ಇನ್ನು ಅಂಕೆಗಳನ್ನು ಹಾಕಿ ನೋಡೋಣ. 300 ಮಿಲಿಮೀಟರ್ ಎತ್ತರದ ಭಾರತೀಯ ಮಾದರಿಯ ಗರ್ಡರ್, ಅಂದರೆ ಐ.ಎಸ್.ಎಂ.ಬಿ. 300, ಉದ್ದ 6 ಮೀಟರ್. ಕೋಷ್ಟಕದಲ್ಲಿ ಇದರ ಪ್ಲಾಸ್ಟಿಕ್ ಮಾಡ್ಯುಲಸ್ 651.74 ಘನ ಸೆಂಟಿಮೀಟರ್ ಎಂದಿದೆ. ಹಳೆಯ ಕ್ರಮದ ಸೆಕ್ಷನ್ ಮಾಡ್ಯುಲಸ್ 573.6. ಇವನ್ನು 250 ರಿಂದ ಗುಣಿಸಿದರೆ Mp ಸುಮಾರು 162.9 ಕಿಲೋನ್ಯೂಟನ್-ಮೀಟರ್, My ಸುಮಾರು 143.4. ಕುಸಿಯುವ ಭಾರ 8 × 162.9 ÷ 6, ಅಂದರೆ 217 ಕಿಲೋನ್ಯೂಟನ್. ತೂಕದ ಮಾತಿನಲ್ಲಿ ಹೇಳುವುದಾದರೆ ಸುಮಾರು 22 ಟನ್. ಇದೇ ಗರ್ಡರ್ ತುದಿಗಳ ಬಿಗಿತವಿಲ್ಲದೆ ಸುಮ್ಮನೆ ಕುಳಿತಿದ್ದರೆ ಇದರ ಅರ್ಧ ಭಾರಕ್ಕೇ ಕುಸಿಯುತ್ತಿತ್ತು.

ಈ ಭಾರವನ್ನು ಹೊರಿಸಬಹುದು ಎಂದು ಇದರ ಅರ್ಥವಲ್ಲ. ಇದು ಕುಸಿಯುವ ಭಾರ. ಇಂದಿನ ಭಾರತೀಯ ನಿಯಮಾವಳಿ ಐ.ಎಸ್. 800ರ 2007ರ ಆವೃತ್ತಿಯಂತೆ ಉಕ್ಕಿನ ಬಲವನ್ನು 1.1 ರಿಂದ ಭಾಗಿಸಿ, ಭಾರವನ್ನು 1.5 ರಿಂದ ಗುಣಿಸಿ ನೋಡಬೇಕು. ಹಾಗೆ ಮಾಡಿದರೆ ದಿನನಿತ್ಯ ಹೊರಿಸಬಹುದಾದ ಭಾರ 131 ಕಿಲೋನ್ಯೂಟನ್ನಿನ ಆಸುಪಾಸಿಗೆ ಇಳಿಯುತ್ತದೆ. ಗರ್ಡರಿನ ಸ್ವಂತ ತೂಕವನ್ನೂ ಇದರಲ್ಲೇ ಕಳೆಯಬೇಕು, ಆದರೆ ಇಲ್ಲಿ ಅದು ಅಲ್ಪ.

ಈ ಬಗೆಯ ಲೆಕ್ಕದಿಂದ ಬಹಳ ಲಾಭವಿದೆ ಎಂದು ಕೇಳಿ ಬಂದವರಿಗೆ ಇಲ್ಲಿ ಸ್ವಲ್ಪ ನಿರಾಶೆಯಾಗಬಹುದು. ಕಾರಣ ಹೀಗಿದೆ. ತುದಿ ಬಿಗಿದ ತೊಲೆಯ ನಡುವೆ ಒಂದೇ ಭಾರವಿದ್ದಾಗ, ಉಕ್ಕು ಮಣಿಯುವ ಮೊದಲು ಎರಡು ತುದಿಗಳಲ್ಲೂ ನಡುವಿನಲ್ಲೂ ಮೊಮೆಂಟು ಒಂದೇ ಸಮನೆ, WL/8. ಮೂರು ಜಾಗಗಳೂ ಜೊತೆಯಾಗಿಯೇ ಮಣಿಯತೊಡಗಿ ಜೊತೆಯಾಗಿಯೇ ಕೀಲಾಗುತ್ತವೆ. ದಣಿದ ಜಾಗದ ಪಾಲನ್ನು ದಣಿಯದ ಜಾಗ ಹೊರುವ ಪ್ರಸಂಗವೇ ಬರುವುದಿಲ್ಲ. ನಮ್ಮ ಗರ್ಡರ್ ಮಣಿಯತೊಡಗುವುದು 191 ಕಿಲೋನ್ಯೂಟನ್ನಿಗೆ, ಕುಸಿಯುವುದು 217ಕ್ಕೆ. ಈ ಅಂತರ ಪದರಗಳೊಳಗೆ ಉಳಿದಿದ್ದ ಶಕ್ತಿಯಿಂದ ಬಂದದ್ದು ಅಷ್ಟೇ. ಅದೇ ಭಾರ ತೊಲೆಯ ಉದ್ದಕ್ಕೂ ಹರಡಿದ್ದರೆ ಕಥೆ ಬೇರೆ. ಆಗ ಮಣಿಯುವ ಮೊದಲು ತುದಿಗಳ ಮೊಮೆಂಟು ನಡುವಿನದಕ್ಕಿಂತ ಇಮ್ಮಡಿ. ತುದಿಗಳು ಮೊದಲು ಕೀಲಾಗಿ, ಮುಂದಿನ ಭಾರವನ್ನೆಲ್ಲ ನಡುಭಾಗಕ್ಕೆ ಬಿಡುತ್ತವೆ; ಈ ಹಂಚಿಕೆಯಿಂದಲೇ ಇನ್ನೂ ಮೂರನೆಯ ಒಂದು ಪಾಲು ಹೆಚ್ಚು ಭಾರ ದಕ್ಕುತ್ತದೆ.

ಹಾಗಾದರೆ ನಡುಭಾರದ ತೊಲೆಗೆ ಈ ಲೆಕ್ಕ ಏಕೆ ಬೇಕು? WL/8 ಎಂಬ ಸಮಪಾಲು ಆಧಾರಗಳೆರಡೂ ಒಂದೇ ಮಟ್ಟದಲ್ಲಿ ಕದಲದೆ ನಿಂತಾಗ ಮಾತ್ರ ಬರುವಂಥದು. ಬಲಗಡೆಯ ಕಂಬದ ಪಾಯ ತುಸು ಕುಸಿದು, ಆ ತುದಿ 10 ಮಿಲಿಮೀಟರ್ ಕೆಳಗಿಳಿಯಿತೆನ್ನಿ. ಕಣ್ಣಿಗೆ ಕಾಣದಷ್ಟು ಸಣ್ಣ ಇಳಿತ. ಆದರೂ ನಮ್ಮ ಗರ್ಡರಿನ ಎಡ ತುದಿಯಲ್ಲಿ ಭಾರವಿಲ್ಲದೆಯೇ 28.7 ಕಿಲೋನ್ಯೂಟನ್-ಮೀಟರ್ ಮೊಮೆಂಟು ಬಂದು ಕೂರುತ್ತದೆ, ಬಲ ತುದಿಯಲ್ಲಿ ಅಷ್ಟೇ ಕಡಿಮೆಯಾಗುತ್ತದೆ, ನಡುವೆ ಬದಲಾವಣೆಯಿಲ್ಲ. ಈಗ ಹಳೆಯ ಲೆಕ್ಕ ಮಾಡಿದರೆ ಎಡ ತುದಿ ಮಣಿಯತೊಡಗುವುದು 191 ಕ್ಕಲ್ಲ, 153 ಕಿಲೋನ್ಯೂಟನ್ನಿಗೇ. ಐದರಲ್ಲೊಂದು ಪಾಲು ಶಕ್ತಿ ಹೋಯಿತೆಂದು ಓವರ್‌ಸಿಯರ್ ಗಾಬರಿಯಾಗುವುದು ಸಹಜ.

ಈಗ ಕೀಲುಗಳನ್ನು ಒಂದೊಂದಾಗಿ ಹಿಂಬಾಲಿಸೋಣ. ಭಾರ 179 ಕಿಲೋನ್ಯೂಟನ್ ಆದಾಗ ಎಡ ತುದಿ Mp ಮುಟ್ಟಿ ಕೀಲಾಗುತ್ತದೆ. ಆ ಹೊತ್ತಿಗೆ ನಡುವೆ 134.3, ಬಲ ತುದಿಯಲ್ಲಿ 105.6 ಮಾತ್ರ. ಇನ್ನು ಮೇಲೆ ಎಡ ತುದಿ ತನ್ನ ಪಾಲಿನ 162.9 ಅನ್ನು ಹಿಡಿದುಕೊಂಡು ಸುಮ್ಮನೆ ತಿರುಗುತ್ತದೆ. ಮುಂದೆ ಸೇರುವ ಭಾರದ ಮಟ್ಟಿಗೆ ತೊಲೆಯು ಎಡ ತುದಿ ಬರಿದೆ ಕುಳಿತು, ಬಲ ತುದಿ ಮಾತ್ರ ಬಿಗಿದಿರುವ ತೊಲೆಯಂತೆ ನಡೆದುಕೊಳ್ಳುತ್ತದೆ. ಅಂಥ ತೊಲೆಯಲ್ಲಿ ನಡುವಿನ ಮೊಮೆಂಟು ಭಾರ ಮತ್ತು ಉದ್ದದ ಗುಣಲಬ್ಧದ 5/32, ಬಿಗಿದ ತುದಿಯದು 3/16. ಇನ್ನೂ 30.6 ಕಿಲೋನ್ಯೂಟನ್ ಸೇರಿ ಒಟ್ಟು 209.6 ಆದಾಗ ನಡುವಿನ ಜಾಗ 162.9 ಮುಟ್ಟಿ ಎರಡನೆಯ ಕೀಲಾಗುತ್ತದೆ. ಬಲ ತುದಿ ಆಗ 140 ರಲ್ಲಿದೆ, ಇನ್ನೂ ಗಟ್ಟಿ. ಈಗ ಎಡ ಅರ್ಧ ತನ್ನ ಪಾಲನ್ನು ಹೊತ್ತು ಮುಗಿಸಿತು. ಇನ್ನು ಸೇರುವ ಭಾರವನ್ನೆಲ್ಲ ಗೋಡೆಗೆ ಹೂತ ಗೂಟದಂತೆ ಬಲ ಅರ್ಧವೊಂದೇ ಹೊರಬೇಕು. 3 ಮೀಟರ್ ಚಾಚಿದ ಗೂಟಕ್ಕೆ ಉಳಿದ 23 ಕಿಲೋನ್ಯೂಟನ್-ಮೀಟರ್ ತುಂಬಲು 7.6 ಕಿಲೋನ್ಯೂಟನ್ ಸಾಕು. ಒಟ್ಟು ಎಷ್ಟಾಯಿತು? 217.

ಪಾಯ ಕುಸಿಯದಿದ್ದಾಗ ಬಂದ ಉತ್ತರವೂ ಇದೇ. ಕೀಲುಗಳು ಮೂಡಿದ ಕ್ರಮ ಬದಲಾಯಿತು, ಮೊದಲು ಮೂಡಿದ ಕೀಲು ಹೆಚ್ಚು ತಿರುಗಬೇಕಾಯಿತು, ತೊಲೆ ಹೆಚ್ಚು ಬಾಗಿತು. ಕುಸಿಯುವ ಭಾರ ಮಾತ್ರ ಬದಲಾಗಲಿಲ್ಲ. ವೆಲ್ಡಿಂಗ್ ಕಾವಿನಿಂದ ಒಳಗೆ ಉಳಿದ ಬಲಗಳಾಗಲಿ, ಅಳತೆಯಲ್ಲಿ ಒಂದೆರಡು ಮಿಲಿಮೀಟರ್ ತಪ್ಪಿ ಎಳೆದು ಕೂಡಿಸಿದ್ದರಿಂದ ಬಂದ ಬಲಗಳಾಗಲಿ, ಇದಕ್ಕೆ ಹೊರತಲ್ಲ. ಕೊನೆಯಲ್ಲಿ ಮೂರೂ ಕಡೆ Mp ಆಗಲೇಬೇಕು, ಮೊದಲು ಯಾರು ಎಷ್ಟು ಹೊತ್ತಿದ್ದರೆಂಬುದನ್ನು WL/4 = 2Mp ಎಂಬ ಸಮೀಕರಣ ಕೇಳುವುದೇ ಇಲ್ಲ. ಇಳಿತಗಳನ್ನು ಯಾರೂ ಮುಂಚಿತವಾಗಿ ಅಳೆದು ಹೇಳಲಾರರು. ಅವುಗಳ ಗೊಡವೆಯಿಲ್ಲದ ಲೆಕ್ಕ ಸಿಕ್ಕಿದ್ದೇ ಇಲ್ಲಿನ ದೊಡ್ಡ ಲಾಭವೆಂದು ನನ್ನ ಎಣಿಕೆ.

ಆದರೆ ಒಂದು ಷರತ್ತನ್ನು ಮರೆಯಬಾರದು. ತುದಿಯ ಜೋಡಣೆ Mp ಅಷ್ಟನ್ನು ತಡೆಯಬಲ್ಲದಾಗಿರಬೇಕು, ತಡೆದುಕೊಂಡೇ ತಿರುಗಬಲ್ಲದಾಗಿಯೂ ಇರಬೇಕು. ಜೋಡಣೆಯ ಶಕ್ತಿ ಕಡಿಮೆಯಿದ್ದು, ಅದು Me ಅಷ್ಟೇ ಆದರೆ, ಕುಸಿಯುವ ಭಾರ 4(Mp + Me)/L ಗೆ ಇಳಿಯುತ್ತದೆ. ವೆಬ್ಬಿಗೆ ಮಾತ್ರ ಕ್ಲೀಟ್ ಹಾಕಿ ನಾಲ್ಕು ಬೋಲ್ಟ್ ಬಿಗಿದ ಗರ್ಡರಿಗೆ Me ಹೆಚ್ಚು ಕಡಿಮೆ ಸೊನ್ನೆ. 217 ಎಂದು ನಂಬಿದ್ದು 109 ಆಗುತ್ತದೆ. ಆದುದರಿಂದ ಜಾಗಕ್ಕೆ ಹೋದಾಗ ಮೊದಲು ನೋಡಬೇಕಾದದ್ದು ಫ್ಲ್ಯಾಂಜುಗಳನ್ನು. ಮೇಲಿನ ಮತ್ತು ಕೆಳಗಿನ ಫ್ಲ್ಯಾಂಜುಗಳೆರಡೂ ಕಂಬಕ್ಕೆ ಪೂರ್ತಿ ವೆಲ್ಡ್ ಆಗಿವೆಯೇ? ಅವುಗಳ ನೇರಕ್ಕೆ ಕಂಬದೊಳಗೆ ಬಲಪಟ್ಟಿಗಳಿವೆಯೇ? ನಕ್ಷೆಯಲ್ಲಿ ತುದಿ ಬಿಗಿದಿದೆ ಎಂದು ಬರೆದಿದ್ದರೆ ಸಾಲದು. ಒಂಬತ್ತಂಗುಲದ ಇಟ್ಟಿಗೆ ಗೋಡೆಯಲ್ಲಿ ತುದಿ ಹೂತಿರುವುದನ್ನು ಬಿಗಿದ ತುದಿ ಎಂದು ಲೆಕ್ಕ ಹಿಡಿಯುವುದಂತೂ ಅಪಾಯ; ಗೋಡೆಯ ಗಾರೆ Mp ಯ ಸಣ್ಣ ಪಾಲನ್ನೂ ತಡೆಯದೆ ಬಿರಿಯುತ್ತದೆ.

ಕೀಲಿನ ಜಾಗದಲ್ಲಿ ಫ್ಲ್ಯಾಂಜ್ ಸೊಟ್ಟಗಾಗಿ ಮಡಿಚಿಕೊಂಡರೂ Mp ಉಳಿಯದು. ನಮ್ಮ ಗರ್ಡರಿನ ಫ್ಲ್ಯಾಂಜ್ ಒಂದು ಪಕ್ಕಕ್ಕೆ ಚಾಚಿರುವುದು ತನ್ನ ದಪ್ಪದ ಸುಮಾರು ಐದೂವರೆ ಪಟ್ಟು. ನಿಯಮಾವಳಿ ಒಪ್ಪುವ ಮಿತಿ 9.4; ಆದುದರಿಂದ ಚಿಂತೆಯಿಲ್ಲ. ತೆಳು ತಗಡಿನಿಂದ ಕಟ್ಟಿದ ಗರ್ಡರ್‌ಗಳಲ್ಲಿ ಚಿಂತೆಯಿದೆ. ಹಾಗೆಯೇ ಗರ್ಡರ್ ಪಕ್ಕಕ್ಕೆ ವಾಲದಂತೆ ಕೀಲುಗಳ ಜಾಗದಲ್ಲಿ ಅಡ್ಡ ಆಧಾರ ಬೇಕು. ನಡುವೆ ಕುಗ್ಗುವುದು ಮೇಲಿನ ಫ್ಲ್ಯಾಂಜ್, ತುದಿಗಳ ಬಳಿ ಕೆಳಗಿನದು. ಮೇಲೆ ಕಾಂಕ್ರೀಟು ಹಾಸಿದೆ ಎಂದು ಕೆಳಗಿನದನ್ನು ಮರೆತವರುಂಟು. ಕ್ರೇನ್ ಓಡಾಡುವ ಗರ್ಡರಿನಂತೆ ಭಾರ ಲಕ್ಷಾಂತರ ಸಲ ಬಂದು ಹೋಗುವ ಕಡೆ ಈ ಲೆಕ್ಕವೇ ಸಲ್ಲದು. ಅಲ್ಲಿ ಉಕ್ಕು ಮಣಿಯುವುದಕ್ಕಿಂತ ಬಹಳ ಮೊದಲೇ ಬಿರುಕು ಹುಟ್ಟಬಹುದು.

ಒಂದು ಗರ್ಡರಿನಲ್ಲಿ ಕೀಲು ಮೂಡತೊಡಗಿದೆ ಎಂದು ತಿಳಿಯುವುದು ಹೇಗೆ? ಬಣ್ಣ ಬಳಿಯದ ಹೊಸ ಉಕ್ಕಿನ ಮೇಲೆ ರೋಲಿಂಗ್ ಗಿರಣಿಯಿಂದ ಬಂದ ನೀಲಿಗಪ್ಪಿನ ಹೊಪ್ಪಳೆ ಇರುತ್ತದೆ. ಉಕ್ಕು ಮಣಿದ ಕಡೆ ಅದು ಓರೆ ಗೆರೆಗಳಾಗಿ ಉದುರುತ್ತದೆ. ಪ್ರಯೋಗಶಾಲೆಗಳಲ್ಲಿ ತೊಲೆಗೆ ಸುಣ್ಣ ಬಳಿದು ನಿಲ್ಲಿಸುವುದು ಇದಕ್ಕಾಗಿಯೇ. ಎಲ್ಲಿ ಮಣಿಯಿತೆಂಬುದನ್ನು ಸುಣ್ಣದ ಬಿರುಕುಗಳೇ ತೋರಿಸುತ್ತವೆ. ಇನ್ನೊಂದು ಗುರುತು, ಭಾರ ಇಳಿಸಿದ ಮೇಲೂ ಬಾಗು ಪೂರ್ತಿ ಮರಳದಿರುವುದು. ದಿನನಿತ್ಯದ 131 ಕಿಲೋನ್ಯೂಟನ್ ಭಾರಕ್ಕೆ ನಮ್ಮ ಗರ್ಡರ್ ನಡುವೆ ಇಳಿಯಬೇಕಾದದ್ದು ಎಂಟೂವರೆ ಮಿಲಿಮೀಟರ್ ಮಾತ್ರ. ಅಷ್ಟೇ ಭಾರಕ್ಕೆ ಇದರ ಮೂರು ನಾಲ್ಕು ಪಟ್ಟು ಇಳಿದಿದ್ದರೆ, ತುದಿಗಳು ಬಿಗಿದೇ ಇಲ್ಲವೆಂಬ ಶಂಕೆಗೆ ಅದೇ ಸಾಕು. ತುದಿ ಬಿಗಿಯದ ಗರ್ಡರ್ ಅದೇ ಭಾರಕ್ಕೆ ನಾಲ್ಕು ಪಟ್ಟು ಇಳಿಯುತ್ತದೆ, ಮೇಲಾಗಿ ಅದು ಕುಸಿಯುವ 109 ಅನ್ನು 131 ಮೀರಿದೆ.

ಪರೀಕ್ಷೆಗೆ ಓದುತ್ತಿರುವವರು ಇದೇ ಗರ್ಡರಿನ ಎಡ ತುದಿಯನ್ನು ವೆಲ್ಡ್ ಮಾಡಿ, ಬಲ ತುದಿಯನ್ನು ಕ್ಲೀಟಿನ ಮೇಲೆ ಸುಮ್ಮನೆ ಕೂರಿಸಿದೆ ಎಂದು ಇಟ್ಟುಕೊಂಡು, ನಡುವಿನ ಯಾವ ಭಾರಕ್ಕೆ ಅದು ಕುಸಿಯುತ್ತದೆಂದು ಕೆಲಸದ ಸಮೀಕರಣದಿಂದ ಬಿಡಿಸಿ ನೋಡಬಹುದು. ಇಲ್ಲಿ ಕೀಲುಗಳು ಎರಡೇ. ಉತ್ತರ 6Mp/L, ಅಂದರೆ ಸುಮಾರು 163 ಕಿಲೋನ್ಯೂಟನ್ ಬರಬೇಕು.